ಕ್ಲಚ್ ಹಿಡಿಯದ ಕಾರ್ ಎಸಿ

ಎಂಜಿನ್ ಓಡುತ್ತಿರುವಾಗ ಕಾರಿನ ಎಸಿ ಬಟನ್ ಒತ್ತಿದರೆ ಬಾನೆಟ್ ಒಳಗಿನಿಂದ ‘ಟಕ್’ ಎಂದು ಸಣ್ಣದೊಂದು ಸದ್ದು ಬರುತ್ತದೆ. ಆ ಕ್ಷಣಕ್ಕೆ ಎಂಜಿನ್ ತುಸು ಭಾರವಾದಂತಾಗಿ ಮತ್ತೆ ಸರಿಹೋಗುತ್ತದೆ. ಕಂಪ್ರೆಸರಿನ ಕ್ಲಚ್ ಹಿಡಿಯಿತು ಎಂಬುದಕ್ಕೆ ಅದೇ ಗುರುತು. ಆ ಸದ್ದೇ ಇಲ್ಲದೆ ಬ್ಲೋವರ್ ಮಾತ್ರ ಜೋರಾಗಿ ಬೀಸುತ್ತ, ಹೊರಗಿನ ಸೆಕೆಯನ್ನೇ ಒಳಗೆ ತಂದು ಸುರಿಯುತ್ತಿದ್ದರೆ ಕ್ಲಚ್ ಹಿಡಿಯುತ್ತಿಲ್ಲ ಎಂದು ಶಂಕಿಸಬೇಕು. ಇಂಥ ಕಾರು ಗ್ಯಾರೇಜಿಗೆ ಹೋದಾಗ ಸಾಮಾನ್ಯವಾಗಿ ಮೊದಲು ನಡೆಯುವ ಕೆಲಸ ಗ್ಯಾಸ್ ತುಂಬಿಸುವುದು. ಎಷ್ಟೋ ಸಲ ಅದು ಸರಿಯಾದ ಕೆಲಸವೇ ಆಗಿರುತ್ತದೆ. ಆದರೆ ಗ್ಯಾಸಿಗೆ ಯಾವ ಸಂಬಂಧವೂ ಇಲ್ಲದ ಕಾರಣಗಳಿಂದಲೂ ಕ್ಲಚ್ ಸುಮ್ಮನಾಗುತ್ತದೆ. ಅವುಗಳಲ್ಲಿ ಒಂದಂತೂ ಗ್ಯಾಸ್ ತುಂಬಿಸಿದ ಕೂಡಲೇ ವಾಸಿಯಾದಂತೆ ತೋರಿ, ಮರುದಿನ ಮಧ್ಯಾಹ್ನ ಮತ್ತೆ ಮರುಕಳಿಸುತ್ತದೆ. ಈ ದೋಷವನ್ನು ವಿವರವಾಗಿ ತಿಳಿದುಕೊಳ್ಳಬೇಕಾದದ್ದು ಅದಕ್ಕಾಗಿಯೇ.

ಕಾರಿನ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಶಕ್ತಿಯಿಂದ. ಎಂಜಿನ್ನಿನಿಂದ ಬರುವ ಬೆಲ್ಟ್ ಕಂಪ್ರೆಸರಿನ ಮುಂದಿರುವ ಪುಲ್ಲಿಯನ್ನು ಸುತ್ತಿಸುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಎಸಿ ಬೇಡವಾದಾಗ ಮಾತ್ರ ಕಂಪ್ರೆಸರ್ ನಿಂತಿರಬೇಕು. ಇವೆರಡನ್ನೂ ಬೇಕಾದಾಗ ಜೋಡಿಸಿ ಬೇಡವಾದಾಗ ಬಿಡಿಸುವುದೇ ಕ್ಲಚ್. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎಸಿ ಕೊಟ್ಟಾಗ ಅದರಲ್ಲಿ ಕ್ಲಚ್ ಇರಲಿಲ್ಲ. ತಂಪು ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು. ಇಂದು ಒಂದು ಬಟನ್ ಮಾಡುವ ಕೆಲಸ ಅಂದು ಅಷ್ಟು ದೊಡ್ಡದಿತ್ತು.

ಕ್ಲಚ್‌ನಲ್ಲಿ ಮೂರು ಭಾಗಗಳಿವೆ. ಹಿಂದೆ, ಕಂಪ್ರೆಸರಿನ ಮೈಗೆ ಅಂಟಿಕೊಂಡು, ತಾಮ್ರದ ತಂತಿ ಸುತ್ತಿದ ಕಾಯಿಲ್. ಅದು ತಿರುಗುವುದಿಲ್ಲ. ಅದರ ಮೇಲೆ, ಬೇರಿಂಗಿನ ಮೇಲೆ ಕೂತು ತಿರುಗುವ ಪುಲ್ಲಿ. ಎಲ್ಲಕ್ಕಿಂತ ಮುಂದೆ, ಕಂಪ್ರೆಸರಿನ ಶಾಫ್ಟಿಗೆ ಕಚ್ಚಿಸಿದ ಉಕ್ಕಿನ ಪ್ಲೇಟ್. ಈ ಪ್ಲೇಟನ್ನು ಪುಲ್ಲಿಯಿಂದ ದೂರ ಹಿಡಿದಿಡಲು ತೆಳುವಾದ ಸ್ಪ್ರಿಂಗ್ ಪಟ್ಟಿಗಳೋ ರಬ್ಬರೋ ಇರುತ್ತದೆ. ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ ಮಿಲಿಮೀಟರಿನ ಅರ್ಧದಷ್ಟು. ಬಹಳಷ್ಟು ಕಂಪ್ರೆಸರುಗಳಲ್ಲಿ 0.35ರಿಂದ 0.65 ಮಿಲಿಮೀಟರ್. ಕಾಯಿಲ್‌ಗೆ ಬ್ಯಾಟರಿಯ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗಿ, ಪುಲ್ಲಿಯ ಮೂಲಕ ಪ್ಲೇಟನ್ನು ಎಳೆದುಕೊಳ್ಳುತ್ತದೆ. ಪ್ಲೇಟ್ ಪುಲ್ಲಿಗೆ ಬಡಿದು ಅಂಟಿಕೊಳ್ಳುವ ಸದ್ದೇ ಆ ‘ಟಕ್’. ಅಲ್ಲಿಂದ ಮುಂದೆ ಪುಲ್ಲಿ, ಪ್ಲೇಟ್, ಶಾಫ್ಟ್ ಮೂರೂ ಒಟ್ಟಿಗೆ ತಿರುಗುತ್ತವೆ.

ಹಾಗಾಗಿ ಮೊದಲ ಪರೀಕ್ಷೆಗೆ ಕಣ್ಣು ಮತ್ತು ಒಂದು ಟಾರ್ಚ್ ಸಾಕು. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡಲು ಬಿಟ್ಟು, ಎಸಿಯನ್ನು ಪೂರ್ತಿ ತಂಪಿಗೂ ಬ್ಲೋವರನ್ನು ಪೂರ್ತಿ ವೇಗಕ್ಕೂ ಇಡಬೇಕು. ಬಾನೆಟ್ ಎತ್ತಿ ಕಂಪ್ರೆಸರಿನ ಮುಂಭಾಗ ನೋಡಿದರೆ, ಹೊರಗಿನ ಪುಲ್ಲಿ ತಿರುಗುತ್ತ ನಡುವಿನ ಪ್ಲೇಟ್ ನಿಂತಿದ್ದರೆ ಕ್ಲಚ್ ಹಿಡಿದಿಲ್ಲ ಎಂಬುದು ಖಚಿತ. ಪ್ಲೇಟೂ ತಿರುಗುತ್ತಿದ್ದು ಗಾಳಿ ಬಿಸಿಯಾಗಿದ್ದರೆ ಅದು ಬೇರೆಯೇ ದೋಷ. ಈ ಲೇಖನದ ವ್ಯಾಪ್ತಿಯದಲ್ಲ. ಪ್ಲೇಟ್ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಟ್ಟು ಮಾಡುತ್ತಿದ್ದರೆ ಗ್ಯಾಸ್ ಕಡಿಮೆಯಿರುವ ಸಾಧ್ಯತೆ ಹೆಚ್ಚು. ನೋಡುವಾಗ ಸೆರಗು, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ ಇರಲೇಬೇಕು. ರೇಡಿಯೇಟರಿನ ಫ್ಯಾನ್ ಕೂಡ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ.

ಈ ಪರೀಕ್ಷೆ ಎಲ್ಲ ಕಾರುಗಳಿಗೂ ಒಪ್ಪುವುದಿಲ್ಲ. ಹೊಸ ಕಾರುಗಳಲ್ಲಿ ಕೆಲವಕ್ಕೆ ಕ್ಲಚ್ಚೇ ಇರುವುದಿಲ್ಲ. ಅವುಗಳ ಕಂಪ್ರೆಸರ್ ಸದಾ ತಿರುಗುತ್ತಿರುತ್ತದೆ. ಎಷ್ಟು ಗ್ಯಾಸ್ ಒತ್ತಬೇಕೆಂಬುದನ್ನು ಒಳಗಿನ ವಾಲ್ವ್ ನಿರ್ಧರಿಸುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಕಂಪ್ರೆಸರಿಗೆ ತನ್ನದೇ ಮೋಟಾರ್ ಇದ್ದು, ಅದಕ್ಕೆ ಹೋಗುವ ಕರೆಂಟ್ ಪ್ರಾಣಾಪಾಯ ತರುವಷ್ಟು ಹೆಚ್ಚಿನ ವೋಲ್ಟಿನದು. ಅದಕ್ಕೆ ಮನೆಯಲ್ಲಿ ಕೈ ಹಾಕಬಾರದು. ಮುಂದೆ ಹೇಳುವುದೆಲ್ಲ ಪೆಟ್ರೋಲ್, ಡೀಸೆಲ್ ಕಾರುಗಳ ಬೆಲ್ಟ್ ಮತ್ತು ಕ್ಲಚ್ ಇರುವ ಸಾಮಾನ್ಯ ಕಂಪ್ರೆಸರಿಗೆ ಅನ್ವಯಿಸುವ ಮಾತು.

ಎಸಿ ಬಟನ್ನಿನಿಂದ ಕಾಯಿಲ್‌ಗೆ ನೇರ ತಂತಿ ಹೋಗಿರುತ್ತದೆ ಎಂದುಕೊಳ್ಳುವುದು ಸಹಜ. ವಾಸ್ತವದಲ್ಲಿ ಬಟನ್ ಒತ್ತುವುದೆಂದರೆ ಎಸಿ ಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಕೇಳಿಕೊಳ್ಳುವುದಷ್ಟೇ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಸಿಯು. ಬ್ಲೋವರ್ ಆನ್ ಆಗಿರಬೇಕು. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್ ಮಂಜುಗಟ್ಟುವಷ್ಟು ತಣ್ಣಗಾಗಿರಬಾರದು. ಅದನ್ನು ಅಲ್ಲಿನ ಸಣ್ಣ ಸೆನ್ಸರ್ ತಿಳಿಸುತ್ತದೆ. ಗ್ಯಾಸಿನ ಒತ್ತಡ ತೀರ ಕಡಿಮೆಯೂ ತೀರ ಹೆಚ್ಚೂ ಆಗಿರಬಾರದು. ಅದನ್ನು ಪೈಪಿನ ಮೇಲಿನ ಪ್ರೆಷರ್ ಸ್ವಿಚ್ ಕಾಯುತ್ತದೆ. ಎಂಜಿನ್ ಮಿತಿಮೀರಿ ಕಾದಿರಬಾರದು. ಆಕ್ಸಿಲರೇಟರ್ ಪೂರ್ತಿ ತುಳಿದಾಗಲೂ ಹಲವು ಕಾರುಗಳ ಇಸಿಯು ಕೆಲವು ಸೆಕೆಂಡ್ ಕಂಪ್ರೆಸರನ್ನು ಬಿಡಿಸಿ, ಇದ್ದ ಶಕ್ತಿಯನ್ನೆಲ್ಲ ಚಕ್ರಕ್ಕೆ ಕೊಡುತ್ತದೆ. ಇಷ್ಟೂ ಸರಿಯಿದ್ದರೆ ಇಸಿಯು ಒಂದು ರಿಲೇಯನ್ನು ಎಳೆಯುತ್ತದೆ. ರಿಲೇ ಫ್ಯೂಸಿನ ಮೂಲಕ ಬಂದ ಬ್ಯಾಟರಿಯ ಕರೆಂಟನ್ನು ಕ್ಲಚ್ ಕಾಯಿಲ್‌ಗೆ ಬಿಡುತ್ತದೆ.

ಆದ್ದರಿಂದ ಕ್ಲಚ್ ಹಿಡಿಯದಿರುವುದಕ್ಕೆ ಇರುವುದು ಎರಡೇ ಬಗೆಯ ಕಾರಣ. ಒಂದೋ ಅದಕ್ಕೆ ಹಿಡಿ ಎಂಬ ಆಜ್ಞೆಯೇ ಬಂದಿಲ್ಲ, ಇಲ್ಲವೇ ಆಜ್ಞೆ ಬಂದರೂ ಅದಕ್ಕೆ ಹಿಡಿಯಲಾಗುತ್ತಿಲ್ಲ. ಎರಡರಲ್ಲಿ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ತಿಳಿಸುವ ಜಾಗ ಒಂದೇ: ಕಂಪ್ರೆಸರಿನ ಮೇಲಿರುವ ವೈರಿನ ಕನೆಕ್ಟರ್. ಎಸಿ ಆನ್ ಇಟ್ಟು ಅಲ್ಲಿ ಮಲ್ಟಿಮೀಟರ್ ಹಿಡಿದರೆ ಎಂಜಿನ್ ಓಡುವಾಗಿನ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಓದು, ಅಂದರೆ 13ರಿಂದ 14 ವೋಲ್ಟ್, ಕಾಣಬೇಕು. ಕನೆಕ್ಟರನ್ನು ಕಳಚಿ ಅಳೆಯುವುದಕ್ಕಿಂತ ಸಿಕ್ಕಿಸಿಟ್ಟೇ ಹಿಂಬದಿಯಿಂದ ಅಳೆಯುವುದು ಮೇಲು. ತುಕ್ಕು ಹಿಡಿದ ಪಿನ್ನು, ಒಳಗೆ ಸವೆದ ವೈರು ಕರೆಂಟ್ ಹರಿಯದಿರುವಾಗ ಪೂರ್ತಿ ವೋಲ್ಟ್ ತೋರಿಸಿ, ಹರಿಯತೊಡಗಿದೊಡನೆ 9–10 ವೋಲ್ಟಿಗೆ ಇಳಿದುಬಿಡುತ್ತವೆ. ಕಳಚಿ ಅಳೆದರೆ ಈ ಮೋಸ ಗೊತ್ತಾಗುವುದಿಲ್ಲ.

ಕನೆಕ್ಟರಿಗೆ ವೋಲ್ಟೇಜ್ ಬರುತ್ತಿಲ್ಲ ಎಂದಾದರೆ ಆಜ್ಞೆಯ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಬಾನೆಟ್ ಒಳಗಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಎಸಿ ಫ್ಯೂಸ್, ಯಾವುದು ಎಸಿ ರಿಲೇ ಎಂಬ ನಕ್ಷೆ ಇರುತ್ತದೆ. ಫ್ಯೂಸ್ ಸುಟ್ಟಿದ್ದರೆ ಹೊಸದು ಹಾಕಿ ನೋಡಬಹುದು. ಅದೂ ಸುಟ್ಟರೆ ಕಾಯಿಲ್ ಒಳಗೋ ವೈರಿನಲ್ಲೋ ಶಾರ್ಟ್ ಆಗಿದೆ ಎಂದರ್ಥ. ಆಗ ದೊಡ್ಡ ಫ್ಯೂಸ್ ಹಾಕಿ ಓಡಿಸುವುದು ಕಾರಿಗೆ ಬೆಂಕಿ ಹಚ್ಚುವ ದಾರಿ. ರಿಲೇಯ ಬಗ್ಗೆ ಅನುಮಾನವಿದ್ದರೆ ಅದೇ ಪೆಟ್ಟಿಗೆಯಲ್ಲಿರುವ, ಅದೇ ನಂಬರಿನ, ಸರಿಯಾಗಿ ಕೆಲಸ ಮಾಡುವ ಹಾರ್ನಿನ ರಿಲೇಯನ್ನು ಅದರ ಜಾಗಕ್ಕೆ ಹಾಕಿ ನೋಡುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಕ್ಲಚ್ ಹಿಡಿದರೆ ರಿಲೇಯದೇ ದೋಷ.

ರಿಲೇ ಬದಲಿಸಿದರೂ ಹಿಡಿಯದಿದ್ದರೆ ಮುಂದಿನ ಹೆಜ್ಜೆ ರಿಲೇಯನ್ನು ಕಿತ್ತು, ಅದರ ಸಾಕೆಟ್ಟಿನ 30 ಮತ್ತು 87ನೆಯ ಪಿನ್ನುಗಳನ್ನು ಫ್ಯೂಸ್ ಇರುವ ವೈರಿನಿಂದ ಒಂದೆರಡು ಸೆಕೆಂಡ್ ಮಾತ್ರ ಜೋಡಿಸುವುದು. ಕ್ಲಚ್ ‘ಟಕ್’ ಎಂದು ಹಿಡಿದರೆ ಕಾಯಿಲ್, ವೈರ್, ಪ್ಲೇಟ್ ಎಲ್ಲ ಸರಿಯಿವೆ. ಇಸಿಯುವೇ ಯಾವುದೋ ಕಾರಣಕ್ಕೆ ಬೇಡವೆನ್ನುತ್ತಿದೆ ಎಂದು ತಿಳಿಯಬೇಕು. ಎಂಜಿನ್ ನಿಲ್ಲಿಸಿ, ಕೀಯನ್ನು ಮಾತ್ರ ಆನ್ ಇಟ್ಟು ಈ ಪರೀಕ್ಷೆ ಮಾಡುವುದು ಒಳ್ಳೆಯದು. ಆಗಲೂ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಕಂಪ್ರೆಸರ್ ಗ್ಯಾಸಿಲ್ಲದೆ ತಿರುಗುವ ಅಪಾಯವೂ ಇರುವುದಿಲ್ಲ.

ಇಸಿಯು ಬೇಡವೆನ್ನಲು ಅತಿ ಸಾಮಾನ್ಯ ಕಾರಣ ಗ್ಯಾಸ್ ಸೋರಿ ಹೋಗಿರುವುದು. ರಸ್ತೆಯ ಕಲ್ಲು ಸಿಡಿದು ಕಂಡೆನ್ಸರಿನಲ್ಲಿ ಸಣ್ಣ ತೂತಾಗಬಹುದು, ಪೈಪಿನ ಜೋಡಣೆಯ ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಡಬಹುದು, ಶಾಫ್ಟಿನ ಸೀಲ್ ಸವೆಯಬಹುದು. ಗ್ಯಾಸ್ ಸೋರುವಲ್ಲಿ ಅದರೊಂದಿಗೆ ಬೆರೆತ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ, ಎಣ್ಣೆಗೆ ಧೂಳು ಮೆತ್ತಿದ ಕಪ್ಪು ಜಿಡ್ಡಿನ ಕಲೆ ಸೋರಿಕೆಯ ಜಾಗವನ್ನು ತೋರಿಸಿಕೊಡುತ್ತದೆ. ಒತ್ತಡ ಸುಮಾರು 2 ಬಾರ್, ಅಂದರೆ 30 ಪಿಎಸ್‌ಐ ಆಸುಪಾಸಿಗಿಂತ ಕೆಳಗಿಳಿದರೆ ಪ್ರೆಷರ್ ಸ್ವಿಚ್ ತೆರೆದುಕೊಂಡು ಕ್ಲಚ್ ಹಿಡಿಯದಂತೆ ತಡೆಯುತ್ತದೆ. ಕಂಪ್ರೆಸರಿಗೆ ಎಣ್ಣೆಯನ್ನು ಮರಳಿ ಹೊತ್ತು ತರುವುದು ಸುತ್ತಾಡುವ ಗ್ಯಾಸೇ. ಗ್ಯಾಸಿಲ್ಲದೆ ತಿರುಗಿದ ಕಂಪ್ರೆಸರ್ ಎಣ್ಣೆಯಿಲ್ಲದೆ ತಿರುಗಿದಂತೆ. ಒಳಗೆ ಉಜ್ಜಿ, ಸುಟ್ಟು, ಲೋಹದ ಪುಡಿಯನ್ನು ಇಡೀ ವ್ಯವಸ್ಥೆಗೆ ಹರಡಿಬಿಡುತ್ತದೆ. ಹೀಗಿರುವಾಗ ಪ್ರೆಷರ್ ಸ್ವಿಚ್ಚಿನ ಎರಡು ವೈರುಗಳನ್ನು ಜೋಡಿಸಿ ‘ಡೈರೆಕ್ಟ್’ ಮಾಡಿಕೊಡುವ ಚಾಳಿ ಕಾರಿನ ಮಾಲೀಕನಿಗೆ ಮಾಡುವ ದೊಡ್ಡ ಅನ್ಯಾಯ. ಸ್ವಿಚ್ ಕಾಯುತ್ತಿದ್ದ ಕಂಪ್ರೆಸರ್ ಕೆಲವೇ ದಿನಗಳಲ್ಲಿ ಕೆಡುತ್ತದೆ. ಆಗ ಬರುವ ಖರ್ಚು ಸೋರಿಕೆ ಸರಿಪಡಿಸುವ ಖರ್ಚಿನ ಎಷ್ಟೋ ಪಟ್ಟು.

ಗ್ಯಾಸ್ ಇದೆಯೇ ಎಂದು ತಿಳಿಯಲು ಗೇಜ್ ಹಾಕಿ ನೋಡುತ್ತಾರೆ. ಕಾರು ನಿಂತು ಎಲ್ಲ ತಣ್ಣಗಾದಾಗ ಒತ್ತಡ ಹೊರಗಿನ ಉಷ್ಣಾಂಶವನ್ನು ಅನುಸರಿಸುತ್ತದೆ. ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸಿಗೆ ಇದು 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ, 35 ಡಿಗ್ರಿಯಲ್ಲಿ ಸುಮಾರು 114. ಗೇಜಿನ ಓದು ಇದರ ಹತ್ತಿರವಿದ್ದರೆ ಪ್ರೆಷರ್ ಸ್ವಿಚ್ ತಡೆಯಲು ಕಾರಣವಿಲ್ಲ. ಆದರೆ ಎಷ್ಟು ಗ್ಯಾಸ್ ಇದೆ ಎಂಬುದನ್ನು ಈ ಓದು ಹೇಳುವುದಿಲ್ಲ. ಅಡುಗೆ ಸಿಲಿಂಡರ್ ತುಂಬಿರಲಿ, ಕಾಲು ಭಾಗ ಉಳಿದಿರಲಿ, ಒಳಗೆ ದ್ರವ ಇರುವತನಕ ಒತ್ತಡ ಬದಲಾಗದು, ಇಲ್ಲಿಯೂ ಹಾಗೆಯೇ. ಪ್ರಮಾಣ ತಿಳಿಯಬೇಕಾದರೆ ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗಿ, ವ್ಯಾಕ್ಯೂಮ್ ಮಾಡಿ, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟು ಗ್ರಾಂ ತೂಕ ಹಾಕಿ ತುಂಬಬೇಕು. ಚಳಿ ದೇಶಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಹೊರಗೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿದ್ದಾಗ ತುಂಬಿದ ವ್ಯವಸ್ಥೆಯ ಒತ್ತಡವೂ 15 ಪಿಎಸ್‌ಐ ಆಸುಪಾಸಿಗೆ ಇಳಿದಿರುತ್ತದೆ. ಅಂಥ ದಿನ ಕ್ಲಚ್ ಹಿಡಿಯದಿದ್ದರೆ ಅದು ದೋಷವಲ್ಲ.

ಒತ್ತಡ ಸರಿಯಿದ್ದೂ ಆಜ್ಞೆ ಬರದಿದ್ದರೆ ಸ್ಕ್ಯಾನರ್ ಹಾಕಿ ನೋಡುವುದೇ ಒಳ್ಳೆಯದು. ಕೂಲಿಂಗ್ ಕಾಯಿಲ್ ಸೆನ್ಸರ್ ಕೆಟ್ಟು, ಸೆಕೆಯ ದಿನವೂ ಅದು ಮೈನಸ್ ಡಿಗ್ರಿಯ ಉಷ್ಣಾಂಶ ತಿಳಿಸುತ್ತಿದ್ದರೆ, ಇಸಿಯು ಅದನ್ನು ನಂಬಿ ಕಂಪ್ರೆಸರನ್ನು ತಡೆಹಿಡಿದಿರುತ್ತದೆ. ಪರದೆಯ ಮೇಲಿನ ಆ ಒಂದು ಅಂಕಿ ನೋಡಿದರೆ ವಿಷಯ ತಿಳಿಯುತ್ತದೆ.

ಇನ್ನು ಎರಡನೆಯ ಬಗೆ. ಕನೆಕ್ಟರಿನಲ್ಲಿ ವೋಲ್ಟೇಜ್ ಪೂರ್ತಿ ಇದೆ, ಪ್ಲೇಟ್ ಮಾತ್ರ ಅಲ್ಲಾಡುತ್ತಿಲ್ಲ. ಕನೆಕ್ಟರ್ ಕಳಚಿ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆಯಬೇಕು. ಸಾಮಾನ್ಯವಾಗಿ ಅದು 3ರಿಂದ 5 ಓಮ್ ನಡುವೆ ಇರುತ್ತದೆ. ಮೀಟರ್ ಯಾವ ಅಂಕಿಯನ್ನೂ ತೋರಿಸದಿದ್ದರೆ ಕಾಯಿಲ್ ಒಳಗೆ ತುಂಡಾಗಿದೆ. ಕೆಲವು ಕಂಪ್ರೆಸರುಗಳಲ್ಲಿ ಕಾಯಿಲ್‌ನ ದಾರಿಯಲ್ಲೇ ಅತಿಯಾದ ಬಿಸಿಗೆ ಕಡಿದುಹೋಗುವ ಒಂದು ಫ್ಯೂಸ್ ಅಡಗಿರುತ್ತದೆ. ಅದು ಕಡಿದಿದ್ದರೂ ಇದೇ ಫಲಿತಾಂಶ. ಈ ದೋಷಗಳು ಮೀಟರಿನ ಮುಂದೆ ತಾವಾಗಿಯೇ ಬಯಲಾಗುತ್ತವೆ. ನಿಜವಾಗಿ ಕಾಡುವುದು ಕಾಯಿಲ್ ಸರಿಯಿದ್ದು, ವೋಲ್ಟೇಜ್ ಸರಿಯಿದ್ದು, ಗ್ಯಾಸ್ ಸರಿಯಿದ್ದು, ಬೆಳಿಗ್ಗೆ ಎಸಿ ಕೆಲಸ ಮಾಡಿ ಮಧ್ಯಾಹ್ನ ಕೈಕೊಡುವ ದೋಷ. ಅದಕ್ಕೆ ಕಾರಣ ಬಹುತೇಕ ಪ್ಲೇಟಿಗೂ ಪುಲ್ಲಿಗೂ ನಡುವಿನ ಆ ಅರ್ಧ ಮಿಲಿಮೀಟರ್ ಸಂದು.

ಪ್ರತಿ ಸಲ ಹಿಡಿಯುವಾಗಲೂ ಪ್ಲೇಟ್ ತಿರುಗುವ ಪುಲ್ಲಿಯ ಮೇಲೆ ಒಂದು ಕ್ಷಣ ಜಾರಿ ಆಮೇಲೆ ಅಂಟಿಕೊಳ್ಳುತ್ತದೆ. ಆ ಜಾರಿಕೆಯಲ್ಲಿ ಎರಡೂ ಮೈಗಳು ಕೂದಲೆಳೆಯಷ್ಟೂ ಅಲ್ಲದಷ್ಟು ಸವೆಯುತ್ತವೆ. ಬೇಸಿಗೆಯ ಒಂದು ಪ್ರಯಾಣದಲ್ಲೇ ಕ್ಲಚ್ ಹತ್ತಾರು ಸಲ ಹಿಡಿದು ಬಿಡುವುದರಿಂದ, ವರ್ಷಗಳು ಕಳೆದಂತೆ ಸಂದು ಅಗಲವಾಗುತ್ತ ಹೋಗುತ್ತದೆ. ಅಯಸ್ಕಾಂತದ ಸೆಳೆತವೋ ಸಂದು ಅಗಲವಾದಷ್ಟೂ ಬಹುಬೇಗ ಕುಗ್ಗುವಂಥದ್ದು. ಸಂದು ಎರಡು ಪಟ್ಟಾದರೆ ಸೆಳೆತ ಸರಿಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಇದರ ಜೊತೆಗೆ ಬಿಸಿಯ ಪಾಲೂ ಸೇರುತ್ತದೆ. ತಾಮ್ರ ಕಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು. ಎಂಜಿನ್ನಿನ ಪಕ್ಕದಲ್ಲೇ ಕೂತ ಕಾಯಿಲ್, ತನ್ನದೇ ಕರೆಂಟಿನ ಬಿಸಿಯೂ ಸೇರಿ, 100 ಡಿಗ್ರಿ ದಾಟುವುದು ಅಪರೂಪವಲ್ಲ. ಕಾದ ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ಕಡಿಮೆ; ಸೆಳೆತ ಇನ್ನೂ ಕಡಿಮೆ. ಸವೆದ ಸಂದನ್ನು ಬೆಳಗಿನ ತಣ್ಣನೆಯ ಕಾಯಿಲ್ ಹೇಗೋ ದಾಟಿ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಕಾದ ಕಾಯಿಲ್‌ಗೆ ಅದು ಆಗುವುದಿಲ್ಲ. ಒಮ್ಮೆ ಹಿಡಿದ ಮೇಲೆ ಸಂದೇ ಇರುವುದಿಲ್ಲವಾದ್ದರಿಂದ ಹಿಡಿದುಕೊಂಡಿರಲು ಅಲ್ಪ ಸೆಳೆತ ಸಾಕು. ಆದ್ದರಿಂದ ಎಸಿ ಓಡುತ್ತ ಓಡುತ್ತ ನಿಲ್ಲುವುದಿಲ್ಲ. ಯಾವುದೋ ಕಾರಣಕ್ಕೆ ಇಸಿಯು ಒಮ್ಮೆ ಬಿಡಿಸಿದ ಮೇಲೆ ಮತ್ತೆ ಹಿಡಿಯುವುದಿಲ್ಲ. ಲಾರಿಯೊಂದನ್ನು ಓವರ್‌ಟೇಕ್ ಮಾಡಿದ ಮೇಲೆ ಎಸಿ ಹೋಯಿತು, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹೊರಟ ಮೇಲೆ ಹೋಯಿತು ಎಂದು ಚಾಲಕರು ಹೇಳುವುದರ ಒಳಗುಟ್ಟು ಇದೇ.

ಎಂಟು ವರ್ಷ ಹಳೆಯ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲು. ಬೆಳಿಗ್ಗೆ ಹೊರಟಾಗ ಎಸಿ ಚೆನ್ನಾಗಿರುತ್ತದೆ. ಮುಕ್ಕಾಲು ಗಂಟೆಯ ಬಳಿಕ ಬಿಸಿ ಗಾಳಿ ಶುರು. ಗ್ಯಾರೇಜಿನಲ್ಲಿ ಗ್ಯಾಸ್ ಕಡಿಮೆ ಎಂದು ತುಂಬಿಸಿ ಕೊಡುತ್ತಾರೆ, ಎಸಿ ತಂಪಾಗುತ್ತದೆ. ಮರುದಿನ ಮಧ್ಯಾಹ್ನ ಅದೇ ಕಥೆ. ಇಲ್ಲಿ ಗ್ಯಾಸಿನಿಂದ ಗುಣವಾಯಿತೆಂದು ತೋರಲು ಕಾರಣವಿದೆ. ಸರದಿಗಾಗಿ ಕಾದು, ಬಾನೆಟ್ ತೆರೆದಿಟ್ಟು, ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬಿಸುವ ಒಂದೆರಡು ಗಂಟೆಯಲ್ಲಿ ಕಾಯಿಲ್ ತಣ್ಣಗಾಗಿರುತ್ತದೆ. ಆಗ ಗ್ಯಾಸ್ ತುಂಬಿಸದಿದ್ದರೂ ಕ್ಲಚ್ ಹಿಡಿಯುತ್ತಿತ್ತು.

ಈ ಕಾರನ್ನು ಪರೀಕ್ಷಿಸುವ ಕ್ರಮ ಹೀಗೆ. ದೋಷ ಕಾಣಿಸುವವರೆಗೆ ಕಾರನ್ನು ಓಡಿಸಿ, ಎಂಜಿನ್ ಆರಿಸದೆ ಬಾನೆಟ್ ಎತ್ತಿ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಬೇಕು. 13.2 ವೋಲ್ಟ್ ಇದೆ, ಪ್ಲೇಟ್ ನಿಂತಿದೆ. ಅಂದರೆ ಆಜ್ಞೆ ಬಂದಿದೆ. ಗ್ಯಾಸ್, ಸೆನ್ಸರ್, ರಿಲೇ, ಇಸಿಯು ಎಲ್ಲವೂ ಅನುಮಾನದಿಂದ ಹೊರಗೆ. ಈಗ ಎಂಜಿನ್ ನಿಲ್ಲಿಸಿ ಕೂಡಲೇ ಕಾಯಿಲ್ ಅಳೆದರೆ 4.9 ಓಮ್. ಬೆಳಿಗ್ಗೆ 30 ಡಿಗ್ರಿಯಲ್ಲಿ ಅದೇ ಕಾಯಿಲ್ 3.8 ಓಮ್ ಇತ್ತು. ಕರೆಂಟಿನ ಲೆಕ್ಕದಲ್ಲಿ ಬೆಳಿಗ್ಗೆ 3.5 ಆಂಪಿಯರ್, ಈಗ 2.7. ಸೆಳೆತ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಬೆಳಗಿನದರ ಶೇಕಡಾ 60ಕ್ಕೆ ಇಳಿದಿದೆ. ಕಾಯಿಲ್ ಕೆಟ್ಟಿಲ್ಲ, ಕಾದ ತಾಮ್ರ ಇರಬೇಕಾದಂತೆಯೇ ಇದೆ. ಸಂದು ಸರಿಯಿದ್ದಿದ್ದರೆ ಈ ಶೇಕಡಾ 60ರ ಸೆಳೆತವೇ ಸಾಕಾಗುತ್ತಿತ್ತು.

ಕೆಲವರು ಈ ಹಂತದಲ್ಲಿ ಓಡುವ ಎಂಜಿನ್ನಿನ ಮುಂದೆ ನಿಂತು, ಉದ್ದನೆಯ ಮರದ ಕೋಲಿನಿಂದ ಪ್ಲೇಟನ್ನು ಪುಲ್ಲಿಯತ್ತ ತಳ್ಳಿ ನೋಡುತ್ತಾರೆ. ತಳ್ಳಿದೊಡನೆ ಹಿಡಿದು, ಕೋಲು ತೆಗೆದರೂ ಹಿಡಿದೇ ಇದ್ದರೆ ಸಂದು ಹೆಚ್ಚಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಬೆಲ್ಟು ಕೋಲನ್ನು ಎಳೆದುಕೊಂಡರೆ ಕೈ ಹೋದೀತು. ಎಂಜಿನ್ ನಿಲ್ಲಿಸಿ, ಕೀಯನ್ನು ಮಾತ್ರ ಆನ್ ಇಟ್ಟು, ರಿಲೇಯ ಜಾಗದಲ್ಲಿ ವೈರ್ ಜೋಡಿಸಿ ಪ್ಲೇಟನ್ನು ತಳ್ಳಿದರೂ ಅದೇ ಉತ್ತರ ಸಿಗುತ್ತದೆ. ಅಪಾಯವಿಲ್ಲದ ದಾರಿ ಅದು.

ಸಂದನ್ನು ಅಳೆಯುವುದು ಎಂಜಿನ್ ಆರಿ, ಕೈ ಇಡುವಷ್ಟು ತಣ್ಣಗಾದ ಮೇಲೆ, ಫೀಲರ್ ಗೇಜಿನ ತೆಳು ಪಟ್ಟಿಗಳನ್ನು ಪ್ಲೇಟಿಗೂ ಪುಲ್ಲಿಗೂ ನಡುವೆ ತೂರಿಸಿ. ಒಂದೇ ಕಡೆ ಅಳೆದರೆ ಸಾಲದು. ಪ್ಲೇಟ್ ಓರೆಯಾಗಿರಬಹುದಾದ್ದರಿಂದ ಸುತ್ತಲೂ ಮೂರು ಕಡೆ ಅಳೆಯಬೇಕು. ಉದಾಹರಣೆಯ ಕಾರಿನಲ್ಲಿ ಮೂರೂ ಕಡೆ 0.9 ಮಿಲಿಮೀಟರ್ ಆಸುಪಾಸು. ಆ ಕಂಪ್ರೆಸರಿಗೆ ಇರಬೇಕಾದದ್ದು 0.35ರಿಂದ 0.6.

ಸರಿಪಡಿಸುವ ವಿಧಾನ ಎಷ್ಟು ಸರಳವೆಂದರೆ ನಂಬುವುದು ಕಷ್ಟ. ಪ್ಲೇಟಿನ ನಡುವಿನ ಬೋಲ್ಟನ್ನು ಬಿಚ್ಚಿ ಪ್ಲೇಟನ್ನು ಶಾಫ್ಟಿನಿಂದ ಮುಂದಕ್ಕೆ ಎಳೆದರೆ, ಶಾಫ್ಟಿನ ತುದಿಯಲ್ಲಿ ಕಾಗದದಷ್ಟು ತೆಳುವಾದ ಒಂದೆರಡು ವಾಷರುಗಳು ಕಾಣಸಿಗುತ್ತವೆ. ಪ್ಲೇಟನ್ನು ಪುಲ್ಲಿಯಿಂದ ಎಷ್ಟು ದೂರ ನಿಲ್ಲಿಸಬೇಕೆಂದು ನಿರ್ಧರಿಸುವುದು ಅವೇ. ಅವುಗಳಲ್ಲಿ 0.5 ಮಿಲಿಮೀಟರ್ ದಪ್ಪದ್ದೊಂದನ್ನು ತೆಗೆದು ಪ್ಲೇಟನ್ನು ಮತ್ತೆ ಕೂರಿಸಿದರೆ ಸಂದು 0.4ಕ್ಕೆ ಬರುತ್ತದೆ. ಬೋಲ್ಟನ್ನು ಕಂಪನಿ ಹೇಳಿದ ಬಿಗಿಗೆ ಬಿಗಿದು, ಪುಲ್ಲಿಯನ್ನು ಕೈಯಿಂದ ಸುತ್ತಿಸಿದಾಗ ಪ್ಲೇಟಿಗೆ ಎಲ್ಲಿಯೂ ತಾಗಬಾರದು. ಹೆಚ್ಚು ವಾಷರ್ ತೆಗೆದು ಸಂದನ್ನು ತೀರ ಕಿರಿದು ಮಾಡಿದರೆ, ಎಸಿ ಆಫ್ ಇದ್ದಾಗಲೂ ಎರಡೂ ಉಜ್ಜುತ್ತ, ಕಾದು, ಬೇರಿಂಗನ್ನೂ ಕಾಯಿಲನ್ನೂ ಹಾಳುಮಾಡುತ್ತವೆ. ಈ ಇಡೀ ಕೆಲಸಕ್ಕೆ ಗ್ಯಾಸ್ ತೆಗೆಯಬೇಕಾಗಿಲ್ಲ, ಪೈಪ್ ಬಿಚ್ಚಬೇಕಾಗಿಲ್ಲ. ಕಂಪ್ರೆಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಅದನ್ನು ಇಳಿಸಬೇಕಾಗಿಯೂ ಇಲ್ಲ.

ರಿಪೇರಿ ಆಗಿದೆಯೇ ಎಂದು ನೋಡಬೇಕಾದದ್ದು ಗ್ಯಾರೇಜಿನ ನೆರಳಿನಲ್ಲಲ್ಲ. ಕಾರನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಹಿಂದೆ ಕೈಕೊಡುತ್ತಿದ್ದ ಮುಕ್ಕಾಲು ಗಂಟೆಗಿಂತ ಹೆಚ್ಚು ಓಡಿಸಿ, ನಿಲ್ಲಿಸಿ, ಎಂಜಿನ್ ಆರಿಸದೆ ಎಸಿ ಬಟನ್ನನ್ನು ಹಲವು ಸಲ ಆಫ್ ಮತ್ತು ಆನ್ ಮಾಡಬೇಕು. ಪ್ರತಿ ಸಲವೂ ಸದ್ದು ಒಂದೇ ರೀತಿ ಚುರುಕಾಗಿ ಬಂದರೆ ಸಂದಿನದೇ ದೋಷವಾಗಿತ್ತು ಎಂಬುದು ಸಾಬೀತಾಗುತ್ತದೆ.

ವಾಷರ್ ತೆಗೆಯುವುದಕ್ಕೂ ಮಿತಿ ಉಂಟು. ಪ್ಲೇಟಿನ ಮೈ ನೀಲಿಗಟ್ಟಿದ್ದರೆ ಅದು ಜಾರಿ ಸುಟ್ಟಿದೆ ಎಂದರ್ಥ. ಸೀಲಿನಿಂದ ಎಣ್ಣೆ ಒಸರಿ ಪ್ಲೇಟಿನ ಮೇಲೆ ಬಿದ್ದಿದ್ದರೆ ಎಷ್ಟು ಸಂದು ಸರಿಮಾಡಿದರೂ ಅದು ಜಾರುತ್ತದೆ. ಎಸಿ ಆಫ್ ಇದ್ದಾಗಲೂ ಪುಲ್ಲಿಯಿಂದ ಗೊರಗೊರ ಸದ್ದು ಬರುತ್ತಿದ್ದರೆ ಬೇರಿಂಗ್ ಹೋಗಿದೆ; ಆ ಬಿಸಿಯೇ ಕಾಯಿಲನ್ನು ಸುಡುತ್ತದೆ. ವಾಷರುಗಳೆಲ್ಲ ಮುಗಿದೂ ಸಂದು ಉಳಿದಿದ್ದರೆ ತೆಗೆಯಲು ಇನ್ನೇನೂ ಇಲ್ಲ. ಇಂಥಲ್ಲಿ ಪ್ಲೇಟ್, ಪುಲ್ಲಿ, ಕಾಯಿಲ್ ಮೂರೂ ಸೇರಿದ ಕ್ಲಚ್ ಸೆಟ್ ಬದಲಿಸುವುದು ಸರಿ. ಹಲವು ಮಾದರಿಗಳಿಗೆ ಅದು ಕಂಪ್ರೆಸರಿನಿಂದ ಬೇರೆಯಾಗಿಯೇ ಸಿಗುತ್ತದೆ. ಹಳೆಯ ಸೆಟ್ ಕಿತ್ತ ಮೇಲೆ, ಹೊಸದು ಹಾಕುವ ಮೊದಲು, ಕಂಪ್ರೆಸರಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಒಂದೇ ಸಮನೆಯ ಮೆತ್ತನೆಯ ತಡೆಯೊಂದಿಗೆ ಅದು ಪೂರ್ತಿ ಸುತ್ತು ತಿರುಗಿದರೆ ಕಂಪ್ರೆಸರ್ ಗಟ್ಟಿಯಾಗಿದೆ, ಸೆಟ್ ಹಾಕಬಹುದು. ತಿರುಗದೆ ಬಿಗಿದುಕೊಂಡಿದ್ದರೆ, ಅಥವಾ ತಡೆದು ತಡೆದು ಕರಕರ ಎನ್ನುತ್ತಿದ್ದರೆ ಹೊಸ ಕ್ಲಚ್ ಹಾಕಿ ಪ್ರಯೋಜನವಿಲ್ಲ. ಅದು ಹಿಡಿದ ಮೊದಲ ಸಲವೇ ಬೆಲ್ಟ್ ಕಿರುಚಿ ಸುಡುತ್ತದೆ. ಅಲ್ಲಿ ಬದಲಿಸಬೇಕಾದದ್ದು ಕಂಪ್ರೆಸರನ್ನೇ. ಜೊತೆಗೆ ಒಳಗೆ ಹರಡಿರುವ ಲೋಹದ ಪುಡಿಯನ್ನು ಪೈಪುಗಳಿಂದ ತೊಳೆದು ತೆಗೆಯಲೂಬೇಕು.